ಸಾಲ ಸಲಹೆಗಾರರು ಬ್ಯಾಂಕಿನ ಹತ್ತಿರ ಏನನ್ನು ಕೇಳಬಲ್ಲರು?

ಪೀಣ್ಯದ ಕಾರ್ಖಾನೆಯೊಂದರ ಮೇಲ್ವಿಚಾರಕರೊಬ್ಬರ ಲೆಕ್ಕವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಕೈಗೆ ಬರುವ ಸಂಬಳ 42,000 ರೂಪಾಯಿ. ಬಾಡಿಗೆ, ದಿನಸಿ, ಮಕ್ಕಳ ಫೀಸು, ಓಡಾಟ ಎಲ್ಲ ಸೇರಿ 24,000 ಖರ್ಚಾಗಿ 18,000 ಉಳಿಯುತ್ತದೆ. ಅವರಿಗೆ ಎರಡು ಸಾಲಗಳಿವೆ. ಒಂದು ಪರ್ಸನಲ್ ಲೋನ್: ಬಾಕಿ 3,20,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 16, ಇನ್ನೂ 36 ತಿಂಗಳು 11,250 ರೂಪಾಯಿಯ ಕಂತು. ಇನ್ನೊಂದು ಕ್ರೆಡಿಟ್ ಕಾರ್ಡಿನ ಬಾಕಿ: 1,50,000 ರೂಪಾಯಿ, ತಿಂಗಳಿಗೆ ಶೇ. 3.5 ಬಡ್ಡಿ. ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಪಾವತಿ ಎಂದು 7,500 ರೂಪಾಯಿ ಬರುತ್ತದೆ. ಎರಡೂ ಸೇರಿದರೆ 18,750. ಪ್ರತಿ ತಿಂಗಳು 750 ರೂಪಾಯಿ ಕಡಿಮೆ ಬೀಳುತ್ತದೆ.

ಈ 750 ರೂಪಾಯಿಗಾಗಿ ಜನ ಕೈಸಾಲ ಮಾಡುತ್ತಾರೆ, ಇಲ್ಲವೇ ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ಸಾಲ ಎತ್ತುತ್ತಾರೆ. ಒಳ್ಳೆಯ ಸಾಲ ಸಲಹೆಗಾರರ ಕಣ್ಣು ಮೊದಲು ಹೋಗುವುದು ಕಾರ್ಡಿನ ಬಿಲ್ಲಿನ ಕಡೆಗೆ. ಕಟ್ಟುವ 7,500ರಲ್ಲಿ 5,250 ಬಡ್ಡಿಗೆ, ಆ ಬಡ್ಡಿಯ ಮೇಲೆ ಶೇ. 18ರಂತೆ 945 ಜಿಎಸ್‌ಟಿಗೆ ಹೋಗುತ್ತದೆ. ಅಸಲು ಕರಗುವುದು 1,305 ರೂಪಾಯಿ ಮಾತ್ರ. ಕಾರ್ಡನ್ನು ಮತ್ತೆ ಒಂದೆರಡು ಸಲ ಉಜ್ಜಿದರೆ ಅದೂ ಕರಗದು.

ಸಲಹೆಗಾರರು ಬ್ಯಾಂಕಿನ ಮುಂದೆ ಇಡುವ ಮೊದಲ ಕೋರಿಕೆ ಈ ಬಾಕಿಯನ್ನು ಮಾಸಿಕ ಕಂತುಗಳಿಗೆ ಬದಲಾಯಿಸಿ ಎಂಬುದು. ವರ್ಷಕ್ಕೆ ಶೇ. 18ರಂತೆ 36 ತಿಂಗಳಿಗೆ ಒಪ್ಪಿದರು ಎನ್ನೋಣ. ಕಂತು ಸುಮಾರು 5,420, ಬಡ್ಡಿಯ ಮೇಲಿನ ತೆರಿಗೆ ಸೇರಿ ಮೊದಲ ತಿಂಗಳು ಸುಮಾರು 5,830 ರೂಪಾಯಿ. ಎರಡನೆಯ ಕೋರಿಕೆ ಪರ್ಸನಲ್ ಲೋನಿನ ಅವಧಿಯನ್ನು 36ರಿಂದ 48 ತಿಂಗಳಿಗೆ ಹಿಗ್ಗಿಸುವುದು. ಆಗ ಕಂತು ಸುಮಾರು 9,070ಕ್ಕೆ ಇಳಿಯುತ್ತದೆ. ಎರಡೂ ಒಪ್ಪಿಗೆಯಾದರೆ ತಿಂಗಳ ಹೊರೆ 14,900ರ ಆಸುಪಾಸಿಗೆ ಬಂದು, ಮನೆಯಲ್ಲಿ 3,100 ರೂಪಾಯಿ ಉಳಿಯುತ್ತದೆ. ಇದಕ್ಕೆ ಬೆಲೆಯೂ ಇದೆ. ಅವಧಿ ಹಿಗ್ಗಿದ್ದರಿಂದ ಒಟ್ಟು ಬಡ್ಡಿ ಸುಮಾರು 30,000 ರೂಪಾಯಿ ಹೆಚ್ಚುತ್ತದೆ. ಇದನ್ನು ಬಾಯಿಬಿಟ್ಟು ಹೇಳದ ಸಲಹೆಗಾರರನ್ನು ನಾನು ನಂಬುವುದಿಲ್ಲ.

ಇವೆರಡರ ಜೊತೆಗೆ ತಡ ಪಾವತಿಯ ದಂಡವನ್ನು ಬಿಡುವಂತೆಯೂ, ಕಂತಿನ ದಿನಾಂಕವನ್ನು ಸಂಬಳದ ಮರುದಿನಕ್ಕೆ ಸರಿಸುವಂತೆಯೂ ಕೇಳಬಹುದು. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆಯ ಪ್ರಕಾರ ಸಾಲದ ಖಾತೆಗಳಲ್ಲಿ ದಂಡವನ್ನು ಬಡ್ಡಿಯೊಳಗೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಈ ನಿಯಮ ಕ್ರೆಡಿಟ್ ಕಾರ್ಡಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಕಾರ್ಡಿನ ದಂಡವನ್ನು ಬಿಡುವುದು ಬಿಡದಿರುವುದು ಬ್ಯಾಂಕಿನ ಮರ್ಜಿ.

ಈ ಮಾತುಕತೆಯಲ್ಲಿ ಯಾವಾಗ ಹೋದಿರಿ ಎಂಬುದೇ ಹೆಚ್ಚಿನದನ್ನು ನಿರ್ಧರಿಸುತ್ತದೆ. ಕಂತು ತಪ್ಪುವ ಮೊದಲೇ ಹೋದರೆ, ಹಳೆಯ ಸಾಲ ತೀರಿಸುವ ಹೊಸ ಸಾಲವನ್ನೋ ಕಾರ್ಡ್ ಬಾಕಿಯ ಕಂತನ್ನೋ ಬ್ಯಾಂಕು ಮಾಮೂಲು ವ್ಯವಹಾರವೆಂದು ಕೊಡಬಲ್ಲದು. ಸಾಲಗಾರ ಕಷ್ಟದಲ್ಲಿದ್ದಾನೆ ಎಂಬ ಕಾರಣಕ್ಕೇ ಷರತ್ತುಗಳನ್ನು ಸಡಿಲಿಸಿದರೆ ಅದು ಸಾಲದ ಪುನರ್‌ರಚನೆ ಎನಿಸಿಕೊಳ್ಳುತ್ತದೆ. ಆಗ ಸಾಮಾನ್ಯವಾಗಿ ಆ ಖಾತೆ ಎನ್‌ಪಿಎ ಪಟ್ಟಿಗೆ ಸೇರುತ್ತದೆ, ಬ್ಯಾಂಕು ಅದಕ್ಕಾಗಿ ಲಾಭದಿಂದ ಹಣ ತೆಗೆದಿಡಬೇಕಾಗುತ್ತದೆ. ಶಾಖೆಯ ಅಧಿಕಾರಿ ಮುಖ ಗಂಟಿಕ್ಕಿಕೊಳ್ಳುವುದಕ್ಕೆ ಬಹುತೇಕ ಇದೇ ಕಾರಣ.

ಅಸಲಿನಲ್ಲಿ ರಿಯಾಯಿತಿ ಸಿಗುವ ಹಂತ ಬೇರೆಯೇ. ಕಂತು ಸರಿಯಾಗಿ ಬರುತ್ತಿರುವ ಸಾಲದ ಅಸಲನ್ನು ಯಾವ ಸಲಹೆಗಾರರೂ ಇಳಿಸಲಾರರು. ಬಾಕಿ 90 ದಿನ ದಾಟಿ ಖಾತೆ ಎನ್‌ಪಿಎ ಆದ ಮೇಲೆ, ಅದರಲ್ಲೂ ಅಡಮಾನವಿಲ್ಲದ ಸಾಲವಾಗಿದ್ದರೆ, ಒಂದು ಮೊತ್ತ ಪಡೆದು ಲೆಕ್ಕ ಮುಗಿಸಲು ಬ್ಯಾಂಕು ಒಪ್ಪಬಹುದು. ಇದಕ್ಕೆ ಓಟಿಎಸ್ ಎನ್ನುತ್ತಾರೆ. ಎಷ್ಟು ಬಿಡಬೇಕು, ಯಾರು ಮಂಜೂರು ಮಾಡಬೇಕು ಎಂಬುದನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಳುತ್ತದೆ. ಸಲಹೆಗಾರರು ಆ ನೀತಿಯ ಒಳಗೇ ಚೌಕಾಸಿ ಮಾಡಬೇಕು. ಅಣ್ಣತಮ್ಮಂದಿರಿಂದಲೋ ಊರಿನ ಜಾಗ ಮಾರಿಯೋ ಹಣ ಹೊಂದಿಸಿಟ್ಟುಕೊಂಡು ಹೋದವರ ಮಾತಿಗೆ ಇಲ್ಲಿ ತೂಕ ಹೆಚ್ಚು. ಆದರೆ ಸಿಬಿಲ್ ವರದಿಯಲ್ಲಿ ಆ ಸಾಲ ‘ಸೆಟಲ್ಡ್’ ಎಂದು ದಾಖಲಾಗುತ್ತದೆ. 2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಚೌಕಟ್ಟಿನಂತೆ, ಕೃಷಿಯೇತರ ಸಾಲವಾದರೆ ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ನಿಜವಾಗಿ ನಡೆದದ್ದನ್ನು ವರದಿಯಿಂದ ಅಳಿಸಿಹಾಕುತ್ತೇವೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಅಡಮಾನವಿರುವ ಸಾಲದಲ್ಲಿ ಸಲಹೆಗಾರರ ಕೈ ಇನ್ನೂ ಬಲಹೀನ. ಗೃಹಸಾಲ ಎನ್‌ಪಿಎ ಆದರೆ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು ಮನೆಯನ್ನು ವಶಕ್ಕೆ ಪಡೆಯುವ ದಾರಿ ಹಿಡಿಯಬಹುದು. ಆ ದಿನಗಳಲ್ಲಿ ಬಾಕಿ ಕಂತು ಕಟ್ಟಲು ಕಾಲಾವಕಾಶ ಕೇಳಬಹುದೇ ಹೊರತು ತಡೆಯುವ ಅಧಿಕಾರ ಅವರಿಗಿಲ್ಲ. ಜಾಮೀನು ಹಾಕಿದ ಭಾವನನ್ನು ಹೊಣೆಯಿಂದ ಬಿಡಿಸಲೂ ಆಗದು, ಬೌನ್ಸ್ ಆದ ಚೆಕ್ಕಿನ ಮೇಲೆ ಹೂಡಿದ ಮೊಕದ್ದಮೆಯನ್ನು ನಿಲ್ಲಿಸಲೂ ಆಗದು. ದೂರುದಾರ ಬ್ಯಾಂಕು ಒಪ್ಪಿದರೆ ಅದು ರಾಜಿಯಾಗಬಹುದು. ಐದು ಬ್ಯಾಂಕಿನಲ್ಲಿ ಸಾಲವಿದ್ದರೆ ಐದೂ ಪ್ರತ್ಯೇಕವಾಗಿ ಒಪ್ಪಬೇಕು. ನಾಲ್ಕು ಒಪ್ಪಿ ಒಂದು ಒಪ್ಪದಿದ್ದರೆ ಅದನ್ನು ಬಗ್ಗಿಸುವ ಉಪಾಯವಿಲ್ಲ. ಸಾಮಾನ್ಯ ವ್ಯಕ್ತಿಗಳ ದಿವಾಳಿತನದ ಬಗ್ಗೆ 2016ರ ದಿವಾಳಿ ಸಂಹಿತೆಯಲ್ಲಿ ಅಧ್ಯಾಯಗಳಿದ್ದರೂ, ಕಂಪನಿಗಳಿಗೆ ಜಾಮೀನು ನಿಂತವರನ್ನು ಬಿಟ್ಟು ಉಳಿದವರಿಗೆ ಅವು ಜಾರಿಗೆ ಬಂದಿಲ್ಲ. ಬಂದಿದ್ದರೆ ಸಲಹೆಗಾರರ ಮಾತಿನ ಹಿಂದೆ ಕಾನೂನಿನ ಬಲವಿರುತ್ತಿತ್ತು.

ವಸೂಲಿ ಏಜೆಂಟರ ಕಾಟದ ವಿಷಯದಲ್ಲಿ ಮಾತ್ರ ಗಟ್ಟಿ ನೆಲೆ ಇದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿ ಕೇಳಿ ಕರೆ ಮಾಡುವಂತಿಲ್ಲ. ಬೈಯುವುದು, ನೆಂಟರಿಷ್ಟರ ಮುಂದೆ ಮರ್ಯಾದೆ ಕಳೆಯುವುದು ನಿಷಿದ್ಧ. ಸಲಹೆಗಾರರು ಕರೆಗಳ ದಿನಾಂಕ, ಸಮಯ ಬರೆಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿಸುತ್ತಾರೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, cms.rbi.org.in ಮೂಲಕ ಓಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ. ಇದರಿಂದ ಕಾಟ ನಿಲ್ಲಬಹುದು, ಸಾಲ ಕಡಿಮೆಯಾಗದು.

ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳಲ್ಲಿ ಸಲಹೆಗೆ ಶುಲ್ಕವಿಲ್ಲ. ಲೀಡ್ ಬ್ಯಾಂಕ್ ಕಚೇರಿಯಲ್ಲಿ ವಿಳಾಸ ಕೇಳಬಹುದು. ನನಗೆ ಭಯ ಹುಟ್ಟಿಸುವುದು ‘ಕಂತು ಕಟ್ಟುವುದನ್ನು ನಿಲ್ಲಿಸಿ, ಆ ಹಣ ನಮಗೆ ಕೊಡಿ, ಆರು ತಿಂಗಳಲ್ಲಿ ಅರ್ಧ ಸಾಲ ಮನ್ನಾ ಮಾಡಿಸುತ್ತೇವೆ’ ಎನ್ನುವ ಸಂಸ್ಥೆಗಳು. ನಮ್ಮ ಮೇಲ್ವಿಚಾರಕರು ಇದನ್ನು ನಂಬಿದರೆ ಮೂರು ತಿಂಗಳಲ್ಲಿ ಎರಡೂ ಖಾತೆ ಎನ್‌ಪಿಎ ಆಗುತ್ತವೆ, ಕಾರ್ಡಿನ ಬಡ್ಡಿ ಬೆಳೆಯುತ್ತದೆ, ಶುಲ್ಕವಾಗಿ ಕಟ್ಟಿದ ಹಣ ಸಾಲಕ್ಕೆ ಜಮೆಯಾಗಿರುವುದಿಲ್ಲ. ಮುಂಗಡ ಶುಲ್ಕ, ಇಷ್ಟು ಶೇಕಡಾ ಮನ್ನಾ ಎಂಬ ಖಾತರಿ, ತಮ್ಮದೇ ಖಾತೆಗೆ ಹಣ ಹಾಕಿಸಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಎದ್ದು ಬರಬೇಕು.

ಒಪ್ಪಂದ ಯಾವುದೇ ಆಗಲಿ, ಹಣ ಕಟ್ಟುವ ಮೊದಲು ಬ್ಯಾಂಕಿನ ಪತ್ರ ಕೈಗೆ ಬರಬೇಕು. ಸಾಲದ ಖಾತೆ ಸಂಖ್ಯೆ, ಕಟ್ಟಬೇಕಾದ ಮೊತ್ತ, ಕೊನೆಯ ದಿನಾಂಕ, ಉಳಿದದ್ದನ್ನು ಬಿಟ್ಟಿರುವುದಾಗಿಯೂ ಮುಂದೆ ಕೇಳುವುದಿಲ್ಲವೆಂದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಕೇಸು ಇದ್ದರೆ ಹಿಂತೆಗೆದುಕೊಳ್ಳುವ ಮಾತೂ ಇರಬೇಕು. ಏಜೆಂಟರ ವಾಟ್ಸ್ಆ್ಯಪ್ ಸಂದೇಶ ಪತ್ರವಲ್ಲ. ಹಣ ಸಾಲದ ಖಾತೆಗೇ ಜಮೆಯಾಗಬೇಕು. ಕೊನೆಯ ದಿನಾಂಕ ಒಂದು ದಿನ ತಪ್ಪಿದರೂ ಬ್ಯಾಂಕು ಒಪ್ಪಂದ ರದ್ದುಮಾಡಿ ಹಳೆಯ ಬಾಕಿಯನ್ನೇ ಕೇಳಬಹುದು. ಎಲ್ಲ ಮುಗಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು, ಒಂದೆರಡು ತಿಂಗಳ ನಂತರ ಸಿಬಿಲ್ ವರದಿ ತೆಗೆದು ಬಾಕಿಯ ಕಾಲಂನಲ್ಲಿ ಸೊನ್ನೆ ಬಂದಿದೆಯೇ ಎಂದು ನೋಡಬೇಕು. ಬಾರದಿದ್ದರೆ ಅದನ್ನು ತಿದ್ದಿಸುವುದು ಸಲಹೆಗಾರರು ಖಂಡಿತ ಮಾಡಿಕೊಡಬಹುದಾದ ಕೆಲಸ.