ಹದಿನಾಲ್ಕು ಗೀಟು, ಒಂದು ಕಾರ್ಡು

ಸಂಜೆ ಐದೂವರೆಯಿಂದ ಮಲಗುವ ಹೊತ್ತಿನವರೆಗೆ "ಹೋಮ್‌ವರ್ಕ್ ಆಯ್ತಾ?" ಅಂತ ಎಷ್ಟು ಸಲ ಕೇಳುತ್ತೇನೆ ನೋಡೋಣ ಎಂದು ಒಂದು ದಿನ ಕ್ಯಾಲೆಂಡರಿನ ಮೂಲೆಯಲ್ಲಿ ಗೀಟು ಹಾಕುತ್ತ ಹೋದೆ. ಹದಿನಾಲ್ಕು ಗೀಟಾಯಿತು. ಮೂರನೇ ಕ್ಲಾಸಿನ ಮಗಳು ಹದಿನಾಲ್ಕು ಸಲವೂ "ಹ್ಞೂಂ ಅಮ್ಮ" ಅಂದಿದ್ದಳು. ಮರುದಿನ ಆಟೋದವರು ಹಾರ್ನ್ ಹೊಡೆಯುವಾಗ ಗಣಿತದ ನೋಟ್‌ಬುಕ್ ಮಂಚದ ಕೆಳಗಿತ್ತು.

ತಪ್ಪು ಅವಳ ನೆನಪಿನದಲ್ಲ. ನೆನಪಿಡುವ ಕೆಲಸವನ್ನು ನಾನೇ ಮಾಡುತ್ತಿದ್ದೆ, ಅವಳೇಕೆ ಮಾಡಬೇಕು? ಬೈದು ಹೇಳುವ ತನಕ ಕಾಯಬಹುದು ಅನ್ನುವುದನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ.

ಮೊದಲು ಮೊಬೈಲಿನಲ್ಲಿ ಆರು ಗಂಟೆಗೆ ಅಲಾರಂ ಇಟ್ಟೆ. ಅದು ಹೊಡೆದುಕೊಳ್ಳುವಾಗ ಒಂದು ದಿನ ಅವಳು ಕೆಳಗೆ ಸೈಕಲ್ ಓಡಿಸುತ್ತಿದ್ದಳು, ಇನ್ನೊಂದು ದಿನ ಕಾರ್ಟೂನ್ ಅರ್ಧಕ್ಕೆ ಬಂದಿತ್ತು. ಮೂರನೇ ದಿನ ಅಲಾರಂ ಆಫ್ ಮಾಡುವುದನ್ನು ಅವಳೇ ಕಲಿತಳು. ಗಡಿಯಾರಕ್ಕೆ ಕಟ್ಟಿದ ಕೆಲಸವನ್ನು ಮಗು ಮರೆಯುತ್ತದೆ. ದಿನವೂ ತಪ್ಪದೆ ನಡೆಯುವ ಇನ್ನೊಂದು ಕೆಲಸದ ಬಾಲಕ್ಕೆ ಕಟ್ಟಿದರೆ ಅದು ನೆನಪಾಗುವುದು ಸುಲಭ. 'ಇದಾದ ಕೂಡಲೇ ಅದು' ಎಂದು ಮೊದಲೇ ನಿಶ್ಚಯಿಸಿಕೊಂಡವರು ಕೆಲಸ ಮುಗಿಸುವುದು ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲೇ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಎರಡು ಕೊಂಡಿ ಸಿಕ್ಕವು: ಹಾಲಿನ ಲೋಟ ಸಿಂಕಿಗೆ ಹಾಕಿದ ಮೇಲೆ ಹೋಮ್‌ವರ್ಕ್, ಊಟದ ತಟ್ಟೆ ಹಾಕುವ ಮುಂಚೆ ಚೀಲ.

ಫ್ರಿಜ್ ಬಾಗಿಲಿಗೆ ಅವಳ ಎತ್ತರಕ್ಕೇ ಒಂದು ರಟ್ಟಿನ ಕಾರ್ಡು ಅಂಟಿಸಿದೆವು. ನಾಲ್ಕೇ ಚಿತ್ರ, ಅವಳೇ ಬರೆದದ್ದು: ಡೈರಿ, ಪೆನ್ಸಿಲ್, ಬರಿದಾದ ಚೀಲ, ತುಂಬಿದ ಚೀಲ. ಮೂರನೆಯದೇ ಮುಖ್ಯ. ಹೆಚ್ಚಿನ ಮನೆಗಳಲ್ಲಿ ಚೀಲಕ್ಕೆ ಸೇರಿಸುವುದಷ್ಟೇ ನಡೆಯುತ್ತದೆ, ತೆಗೆಯುವುದು ಯಾರಿಗೂ ನೆನಪಾಗದು. ಮೊದಲ ದಿನ ಸುರಿದಾಗ ಎರಡು ತಿಂಗಳ ಹಿಂದಿನ ಸರ್ಕ್ಯುಲರ್, ಒಡೆದ ಸ್ಕೇಲು, ಒಣಗಿದ ಅರ್ಧ ಚಕ್ಕುಲಿ ಬಿದ್ದವು. ಕೇಂದ್ರದ 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಇವಳು 22 ಕಿಲೋ, ಅಂದರೆ ಚೀಲ 2.2 ಕಿಲೋ.

ಬುಧವಾರದ ಸಂಜೆಯನ್ನೇ ನೋಡಿ. ಎಲ್ಲ ಚಾಪೆಯ ಮೇಲೆ ಬಿತ್ತು. ಗುರುವಾರದ ಟೈಂಟೇಬಲ್ ಮೇಲೆ ಬೆರಳಿಟ್ಟು ಓದಿದಳು: ಕನ್ನಡ, ಗಣಿತ, ಪರಿಸರ, ಪಿ.ಟಿ. ಒಂದು ಹೆಸರು ಓದಿದರೆ ಒಂದು ಪುಸ್ತಕ ಒಳಗೆ. ಇಂಗ್ಲಿಷ್ ವರ್ಕ್‌ಬುಕ್, ಬಣ್ಣದ ಡಬ್ಬಿ ಕಪಾಟಿಗೆ. ಡೈರಿ ಕೊನೆಗೆ, ಮೇಲುಗಡೆ.

"ಅಮ್ಮಾ, ನಾಳೆ ಡ್ರಾಯಿಂಗ್ ಇದೆಯಾ?"

"ಟೈಂಟೇಬಲ್ ನೋಡು ಪುಟ್ಟಿ."

ಇಲ್ಲ ಅನ್ನುವುದು ನನಗೆ ಗೊತ್ತಿತ್ತು, ನಾಲಿಗೆ ತುದಿಗೂ ಬಂದಿತ್ತು. ಹೇಳಿಬಿಟ್ಟಿದ್ದರೆ ಕಾರ್ಡಿನ ಜಾಗಕ್ಕೆ ಮತ್ತೆ ನಾನೇ ಬರುತ್ತಿದ್ದೆ.

ನೆನಪಿಸುವುದನ್ನು ಒಂದೇ ಏಟಿಗೆ ನಿಲ್ಲಿಸಲು ಬರುವುದಿಲ್ಲ. ಮೊದಲ ವಾರ ಪಕ್ಕದಲ್ಲಿ ಕೂತು "ಈಗ ಡೈರಿ ತೆಗಿ" ಅಂದೆ. ಎರಡನೇ ವಾರ ಕಾರ್ಡಿನತ್ತ ಬೆರಳು ಮಾಡಿದೆ, ಮಾತಿಲ್ಲ. ಮೂರನೇ ವಾರ ಅಡುಗೆಮನೆಯಲ್ಲೇ ಇದ್ದೆ. ಹೆಜ್ಜೆ ಹೆಜ್ಜೆಗೂ ಮಗು "ಆಮೇಲೇನು?" ಎಂದು ಬಂದು ಕೇಳುತ್ತಿದ್ದರೆ ನಾವು ಬೇಗ ಸರಿದಿದ್ದೇವೆ ಎಂದು ಲೆಕ್ಕ; ಇನ್ನೆರಡು ದಿನ ಬೆರಳು ತೋರಿಸಬೇಕು. ದಸರಾ ರಜೆ ಮುಗಿದ ಮೇಲೂ ಹೀಗೇ ಆಯಿತು, ಎರಡನೇ ವಾರದ ಕ್ರಮಕ್ಕೆ ಹಿಂದಿರುಗಿದೆವು.

ಇದೆಲ್ಲವನ್ನೂ ಕೆಡಿಸುವವರು ನಾವೇ. ಮಗು ಮಲಗಿದ ಮೇಲೆ ಇವಳಪ್ಪ ಗುಟ್ಟಾಗಿ ಚೀಲ ತೆರೆದು ಬಿಟ್ಟುಹೋದ ರಬ್ಬರು ಹಾಕಿಡುತ್ತಿದ್ದರು. ಪ್ರೀತಿಯೇ ಸರಿ, ಆದರೆ ಚೀಲ ತಾನಾಗಿ ಸರಿಹೋಗುತ್ತದೆ ಎಂದು ಅವಳಿಗೆ ಅನಿಸತೊಡಗಿತ್ತು. ರಬ್ಬರು, ಸ್ಕೇಲಿನಂಥ ಸಣ್ಣ ಮರೆವನ್ನು ಬಿಟ್ಟುಬಿಡುವುದೆಂದು ಮಾತಾಯಿತು. ಪರೀಕ್ಷೆಯ ದಿನ ಮಾತ್ರ ವಿನಾಯಿತಿ.

ಹೋಮ್‌ವರ್ಕಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಅದೇ ನೀತಿ ಎರಡನೇ ತರಗತಿವರೆಗೆ ಹೋಮ್‌ವರ್ಕೇ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಅನ್ನುತ್ತದೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 20 ನಿಮಿಷ. ಕಾರ್ಡು, ಕೊಂಡಿ ಎಲ್ಲ ಸರಿಯಿದ್ದೂ ದಿನವೂ ಒಂದು ಗಂಟೆ ಎಳೆಯುತ್ತಿದ್ದರೆ ಅದು ಮರೆವಲ್ಲ. ಕೊಟ್ಟದ್ದೇ ಹೆಚ್ಚಾಗಿರಬಹುದು, ಲೆಕ್ಕ ಅರ್ಥವಾಗಿರಲಿಕ್ಕಿಲ್ಲ, ಬೋರ್ಡ್ ಸರಿಯಾಗಿ ಕಾಣದೆ ಡೈರಿಯಲ್ಲಿ ಅರ್ಧಂಬರ್ಧ ಬರೆದುಕೊಂಡು ಬಂದಿರಬಹುದು. ಆಗ ಟೀಚರನ್ನು ಕಂಡು ಮಾತಾಡುವುದೇ ದಾರಿ.

ಈಗ ಊಟಕ್ಕೆ ಮುಂಚೆ ಚೀಲ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿರುತ್ತದೆ. ನೀರಿನ ಬಾಟಲಿ ಮಾತ್ರ ಬೆಳಿಗ್ಗೆ ನನ್ನ ಪಾಲಿಗೆ. ಆ ಸ್ಟೀಲಿನ ಮುಚ್ಚಳ ಬಿಗಿ ಮಾಡುವಷ್ಟು ಬಲ ಅವಳ ಕೈಗಿನ್ನೂ ಬಂದಿಲ್ಲ.