ಓದು ನಿಧಾನ ಎಂದು ಬರೆಯುವುದು ಹೇಗೆ?

ಅಮೆರಿಕದಲ್ಲಿ ಎಂ.ಎಸ್. ಮಾಡಲು ಹೊರಟವರಿಗೆಲ್ಲ ಎಸ್‌ಒಪಿ ಗೊತ್ತು. ಏನು ಓದಬೇಕೆಂದಿದ್ದೀರಿ, ಯಾಕೆ, ಈವರೆಗೆ ಏನು ಮಾಡಿದ್ದೀರಿ ಎಂದು ಅದರಲ್ಲಿ ಬರೆಯಬೇಕು. ಇದರ ಜೊತೆಗೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಇನ್ನೊಂದು ಪುಟ ಕೇಳುತ್ತವೆ. ಡೈವರ್ಸಿಟಿ ಸ್ಟೇಟ್‌ಮೆಂಟ್ ಎನ್ನುವುದು ಅದಕ್ಕೆ ರೂಢಿಯಲ್ಲಿರುವ ಹೆಸರು. ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್ ಎಂದು ಕರೆಯುವವರೂ ಇದ್ದಾರೆ. ಜನಾಂಗದ ಆಧಾರದ ಮೇಲೆ ಪ್ರವೇಶ ಕೊಡಬಾರದೆಂದು 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಅನೇಕ ಕಡೆ ಈ ಪ್ರಶ್ನೆಯ ಮಾತುಗಳು ಬದಲಾದವು, ಕೆಲವರು ಪ್ರಶ್ನೆಯನ್ನೇ ಕೈಬಿಟ್ಟರು. ಉಳಿದ ಕಡೆ ಅದರ ತಿರುಳು ಹಾಗೇ ಇದೆ: ನೀವು ಬೆಳೆದ ರೀತಿ, ಕಲಿತ ರೀತಿ ನಮ್ಮ ತರಗತಿಗೆ ಏನನ್ನು ತಂದುಕೊಡುತ್ತದೆ?

ಡಿಸ್ಲೆಕ್ಸಿಯಾದಂಥ ಕಲಿಕೆಯ ಭಿನ್ನತೆ ಇರುವ ವಿದ್ಯಾರ್ಥಿಗೆ ಈ ಪ್ರಶ್ನೆಯ ಮುಂದೆ ಕೈ ಕಟ್ಟಿಹಾಕಿದಂತಾಗುತ್ತದೆ. ಹೇಳಿದರೆ ಸೀಟು ತಪ್ಪೀತೇ, ಹೇಳದಿದ್ದರೆ ಮುಂದೆ ನೆರವು ಸಿಗದೇ ಹೋದೀತೇ ಎಂಬ ಎರಡೂ ಭಯ ಒಟ್ಟಿಗೇ ಕಾಡುತ್ತವೆ. ಎರಡನೆಯ ಭಯಕ್ಕೆ ಆಧಾರವಿಲ್ಲ. ಪ್ರವೇಶ ಕೊಡುವ ಸಮಿತಿ ಬೇರೆ, ನೆರವು ಕೊಡುವ ಕಚೇರಿ ಬೇರೆ. ಹೆಚ್ಚುವರಿ ಸಮಯ, ಆಡಿಯೋ ರೂಪದ ಪಠ್ಯ, ಟಿಪ್ಪಣಿಯ ನೆರವು ಮುಂತಾದ ಏರ್ಪಾಡುಗಳನ್ನು ನೋಡಿಕೊಳ್ಳುವುದು ವಿಶ್ವವಿದ್ಯಾಲಯದ ಡಿಸೆಬಿಲಿಟಿ ಸರ್ವಿಸಸ್ ಕಚೇರಿ. ಅಲ್ಲಿಗೆ ಹೋಗುವುದು ಸೀಟು ಸಿಕ್ಕಿದ ಮೇಲೆ, ಬೇರೆಯದೇ ಕಾಗದಪತ್ರಗಳೊಂದಿಗೆ. ಸ್ಟೇಟ್‌ಮೆಂಟಿನಲ್ಲಿ ಒಂದಕ್ಷರ ಹೇಳದಿದ್ದರೂ ಆ ಹಕ್ಕು ಹೋಗುವುದಿಲ್ಲ.

ಮೊದಲನೆಯ ಭಯದ ವಿಚಾರಕ್ಕೆ ಬಂದರೆ, 1973ರ ರಿಹ್ಯಾಬಿಲಿಟೇಶನ್ ಕಾಯ್ದೆಯ 504ನೇ ಸೆಕ್ಷನ್ ಮತ್ತು 1990ರ ಎಡಿಎ ಕಾಯ್ದೆ ಅಂಗವೈಕಲ್ಯದ ಕಾರಣಕ್ಕೆ ಭೇದ ಮಾಡುವುದನ್ನು ತಡೆಯುತ್ತವೆ. ಪ್ರವೇಶಕ್ಕೆ ಮುಂಚೆ 'ನಿಮಗೆ ವೈಕಲ್ಯವಿದೆಯೇ' ಎಂದು ವಿಶ್ವವಿದ್ಯಾಲಯ ಕೇಳುವಂತೆಯೂ ಇಲ್ಲ. ಹೇಳುವುದು ಬಿಡುವುದು ವಿದ್ಯಾರ್ಥಿಯ ಇಷ್ಟ. ಕಾನೂನು ಇದ್ದ ಮಾತ್ರಕ್ಕೆ ಓದುವವರ ಮನಸ್ಸಿನ ಪೂರ್ವಗ್ರಹ ಮಾಯವಾಗುತ್ತದೆಂದು ನಾನು ಹೇಳಲಾರೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಡಿಸ್ಲೆಕ್ಸಿಯಾ ನಿಮ್ಮ ಕೆಲಸದ ರೀತಿಯನ್ನು ರೂಪಿಸಿದ್ದರೆ, ಅದನ್ನು ತೋರಿಸಲು ನಿಮ್ಮಲ್ಲಿ ಒಂದು ಗಟ್ಟಿ ಘಟನೆ ಇದ್ದರೆ ಬರೆಯಿರಿ. ಬರೀ ಕನಿಕರಕ್ಕಾಗಿ ಬರೆಯುವುದಾದರೆ ಬೇಡ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಒಂದನೇ ತರಗತಿಯಿಂದಲೇ ಒತ್ತಕ್ಷರ ಬಂದಲ್ಲಿ ತಡೆಯುತ್ತಿದ್ದಳು, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗುತ್ತಿತ್ತು. ಬರೆದಂತೆ ಓದದ ಇಂಗ್ಲಿಷ್ ಬಂದ ಮೇಲೆ ಕಷ್ಟ ಇಮ್ಮಡಿಯಾಯಿತು. ಸೋಮಾರಿ ಎಂಬ ಬಿರುದೂ ಬಂತು. ಎಂಟನೇ ತರಗತಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತಂದರು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಸಿಕ್ಕಿತು. ಈಗ ಜಿಯೋಟೆಕ್ನಿಕಲ್ ವಿಭಾಗದಲ್ಲಿ ಎಂ.ಎಸ್.ಗೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಮೊದಲ ಕರಡು ಹೀಗೆ ಶುರುವಾಗುತ್ತದೆ ಎನ್ನಿ (ಬರೆಯುವುದು ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ):

'ನಾನು ಚಿಕ್ಕಂದಿನಿಂದ ಡಿಸ್ಲೆಕ್ಸಿಯಾದಿಂದ ಬಳಲುತ್ತಿದ್ದೇನೆ. ತರಗತಿಯಲ್ಲಿ ಎಲ್ಲರೂ ನಗುತ್ತಿದ್ದರು. ನನ್ನ ತಂದೆತಾಯಿ ತುಂಬಾ ಕಷ್ಟಪಟ್ಟರು. ಆದರೂ ಛಲ ಬಿಡದೆ ಓದಿ ಇಲ್ಲಿಯವರೆಗೆ ಬಂದಿದ್ದೇನೆ. ಡಿಸ್ಲೆಕ್ಸಿಯಾ ನನ್ನ ಸೃಜನಶೀಲತೆಯ ಗುಟ್ಟು. ನನಗೆ ಸೂಕ್ತ ನೆರವು ಸಿಗುತ್ತದೆಂದು ನಂಬಿದ್ದೇನೆ.'

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಆರು ವಾಕ್ಯಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು. ನೋವು ಇದೆ, ಅವಳಿಲ್ಲ. ಒಂದು ಸುಲಭ ಪರೀಕ್ಷೆ ಇದೆ. ಕರಡಿನಲ್ಲಿ ಬರೆದವಳೇ ಏನನ್ನಾದರೂ ಮಾಡಿದ ವಾಕ್ಯಗಳ ಕೆಳಗೆ ಗೆರೆ ಎಳೆಯಿರಿ. ಅವಳಿಗೆ ಆದದ್ದು, ಬೇರೆಯವರು ಅವಳಿಗೆ ಮಾಡಿದ್ದು ಇವಕ್ಕೆ ಗೆರೆ ಬೇಡ. ಮೇಲಿನ ಕರಡಿನಲ್ಲಿ ಗೆರೆ ಬೀಳುವುದು 'ಛಲ ಬಿಡದೆ ಓದಿ' ಎಂಬಲ್ಲಿ ಮಾತ್ರ, ಅದರಲ್ಲೂ ಏನು ಮಾಡಿದಳೆಂದು ತಿಳಿಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಸಾಲುಗಳಿಗೆ ಗೆರೆ ಬೀಳುವವರೆಗೆ ತಿದ್ದಬೇಕು.

'ಸೃಜನಶೀಲತೆಯ ಗುಟ್ಟು' ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಡಿಸ್ಲೆಕ್ಸಿಯಾ ಇದ್ದವರೆಲ್ಲ ಚಿತ್ರಗಳಲ್ಲಿ ಯೋಚಿಸುತ್ತಾರೆ, ಅವರಿಗೆ ವಿಶೇಷ ಶಕ್ತಿ ಇರುತ್ತದೆ ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ಸಂಶೋಧನೆಯ ಫಲಿತಾಂಶಗಳು ಅಷ್ಟು ಸರಳವಾಗಿಲ್ಲ. ಕೆಲವು ಅಧ್ಯಯನಗಳಲ್ಲಿ ಅಂಥ ಮೇಲುಗೈ ಕಂಡಿದೆ, ಹಲವದರಲ್ಲಿ ಕಂಡಿಲ್ಲ. ಸಮಿತಿಯಲ್ಲಿ ಇದನ್ನು ಬಲ್ಲವರು ಇರಬಹುದು. ಎಲ್ಲರ ಪರವಾಗಿ ಮಾತನಾಡುವ ಬದಲು ಅವಳು ತನ್ನ ಬಲ ಎಲ್ಲಿ ಕಂಡಿತು ಎಂದು ಹೇಳಿದರೆ ಸಾಕು.

ಅದು ಎಲ್ಲಿ ಕಂಡಿತು? ಮಣ್ಣಿನ ಪ್ರಯೋಗಾಲಯದಲ್ಲಿ. ಟ್ರೈಆಕ್ಸಿಯಲ್ ಪರೀಕ್ಷೆಯಲ್ಲಿ ಮಣ್ಣಿನ ಮಾದರಿಗೆ ತೆಳುವಾದ ರಬ್ಬರ್ ಪೊರೆ ತೊಡಿಸಬೇಕು, ಸುತ್ತ ನೀರು ತುಂಬಿ ಒತ್ತಡ ಕೊಡಬೇಕು, ಮೇಲಿನಿಂದ ಭಾರ ಏರಿಸುತ್ತಾ ಅದು ಯಾವಾಗ ಮುರಿಯುತ್ತದೆಂದು ನೋಡಬೇಕು. ಯಾವ ವಾಲ್ವ್ ಯಾವಾಗ ತೆರೆಯಬೇಕೆಂಬ ಕ್ರಮ ತಪ್ಪಿದರೆ ಮಾದರಿ ಹಾಳು. ಕೈಪಿಡಿಯಲ್ಲಿ ಈ ಕ್ರಮ ಒತ್ತೊತ್ತಾದ ಸಣ್ಣ ಅಕ್ಷರಗಳಲ್ಲಿತ್ತು. ಓದುತ್ತಾ ಮಾಡುವುದು ಅವಳಿಂದ ಆಗಲಿಲ್ಲ. ಹಿಂದಿನ ದಿನವೇ ಲ್ಯಾಬ್ ಸಹಾಯಕರ ಹತ್ತಿರ ಕೇಳಿ ಪ್ರತಿ ಹಂತವನ್ನೂ ಒಂದು ಹಾಳೆಯ ಮೇಲೆ ಚಿತ್ರವಾಗಿ ಬರೆದಳು, ವಾಲ್ವ್‌ಗಳಿಗೆ ಬಣ್ಣ ಹಚ್ಚಿದಳು. ಆ ಹಾಳೆಯನ್ನು ನೋಡಿಕೊಂಡೇ ಅವಳ ಇಡೀ ತಂಡ ಪ್ರಯೋಗ ಮಾಡಿತು. ಮುಂದಿನ ವರ್ಷದ ವಿದ್ಯಾರ್ಥಿಗಳಿಗಾಗಿ ಅದನ್ನು ಗೋಡೆಗೆ ಅಂಟಿಸಿದರು.

ಸ್ಟೇಟ್‌ಮೆಂಟಿನ ನಡುಮನೆಯಲ್ಲಿ ಕೂರಬೇಕಾದದ್ದು ಈ ಘಟನೆ. ಅವಳ ಬಲ ಇದರಲ್ಲಿದೆ, ಅದರಿಂದ ಬೇರೆಯವರಿಗೆ ಆದ ಉಪಯೋಗವೂ ಇದೆ. ತರಗತಿಗೆ ಏನು ತರುತ್ತೀರಿ ಎಂಬ ಪ್ರಶ್ನೆಗೆ ನೇರ ಉತ್ತರ ಇದೇ.

ಇನ್ನು ಬೇಕಾದ ನೆರವಿನ ಮಾತು. ಹೆಚ್ಚಿನವರು ಎಡವುವುದು ಇಲ್ಲಿ. ಕೆಲವರು ನಾಚಿಕೆಯಿಂದ ಅದನ್ನು ಬಿಟ್ಟೇಬಿಡುತ್ತಾರೆ. ಆಗ ಡಿಸ್ಲೆಕ್ಸಿಯಾ ಹೈಸ್ಕೂಲಿಗೇ ಮುಗಿದುಹೋಯಿತೇನೋ ಎಂಬಂತೆ ಓದಿಸಿಕೊಳ್ಳುತ್ತದೆ. ಇನ್ನು ಕೆಲವರು ನಿಮ್ಹಾನ್ಸ್ ವರದಿಯ ಐಕ್ಯು ಅಂಕ, ಪರ್ಸೆಂಟೈಲ್ ಎಲ್ಲವನ್ನೂ ಇಳಿಸಿಬಿಡುತ್ತಾರೆ. ಅದು ವೈದ್ಯಕೀಯ ಕಾಗದ, ಪ್ರವೇಶ ಸಮಿತಿಗೆ ಅದರ ಕೆಲಸವಿಲ್ಲ. ಹೇಳಬೇಕಾದದ್ದು ನಾಲ್ಕು ಸಂಗತಿ, ಒಂದರ ಹಿಂದೆ ಒಂದು: ಯಾವ ಕೆಲಸ ಕಷ್ಟ, ಅದಕ್ಕೆ ತಾನು ಏನು ಮಾಡಿಕೊಂಡಿದ್ದೇನೆ, ಸಂಸ್ಥೆಯಿಂದ ಏನು ಬೇಕು, ಅದು ಸಿಕ್ಕಾಗ ಏನಾಯಿತು. ನಮ್ಮ ಹುಡುಗಿಯ ಮಟ್ಟಿಗೆ ಆ ಭಾಗ ಹೀಗಿರಬಹುದು:

'ನಾನು ಓದುವುದು ನಿಧಾನ, ಅದು ಮುಂದೆಯೂ ನಿಧಾನವೇ. ಸಂಶೋಧನಾ ಪ್ರಬಂಧ ಸಿಕ್ಕರೆ ಮೊದಲು ಚಿತ್ರ, ಕೋಷ್ಟಕಗಳನ್ನು ನೋಡಿ ಅದರ ವಾದ ಏನಿರಬಹುದೆಂದು ಬರೆದುಕೊಳ್ಳುತ್ತೇನೆ. ಆಮೇಲೆ ಕಂಪ್ಯೂಟರ್ ಓದಿ ಹೇಳುವುದನ್ನು ಕೇಳುತ್ತಾ ನನ್ನ ಊಹೆ ಸರಿಯೇ ಎಂದು ನೋಡುತ್ತೇನೆ. ಲಿಖಿತ ಪರೀಕ್ಷೆಗೆ ನನಗೆ ಹೆಚ್ಚುವರಿ ಸಮಯ ಬೇಕು. ಮೊದಲ ಎರಡು ಸೆಮಿಸ್ಟರ್ ಅದನ್ನು ಕೇಳಲಿಲ್ಲ, ಮೂರನೆಯದರಿಂದ ಕೇಳಿದೆ. ನನ್ನ ಅಂಕಪಟ್ಟಿಯಲ್ಲಿ ಆ ವ್ಯತ್ಯಾಸ ಕಾಣುತ್ತದೆ.'

ಎಷ್ಟು ಶಾಂತವಾಗಿದೆ ನೋಡಿ. ಬೇಡಿಕೆ ಇಲ್ಲ, ಕ್ಷಮೆಯೂ ಇಲ್ಲ. ಅಂಕ ಕಡಿಮೆಯಾದದ್ದಕ್ಕೆ ಕಾರಣ ಎರಡೇ ಮಾತಿನಲ್ಲಿ ಮುಗಿದಿದೆ. ಸಮಿತಿಗೆ ಮುಖ್ಯವಾಗಿ ತಿಳಿಯಬೇಕಾದದ್ದೂ ಇದರಲ್ಲಿದೆ: ಈ ಹುಡುಗಿಗೆ ತನ್ನ ಓದಿನ ಸ್ವಭಾವ ಗೊತ್ತು, ಬೇಕಾದ್ದನ್ನು ಕೇಳಿ ಪಡೆಯುವುದೂ ಗೊತ್ತು. ಅಮೆರಿಕದ ಕಾಲೇಜಿನಲ್ಲಿ ಈ ಕೇಳುವ ಗುಣಕ್ಕೆ ಬಹಳ ಬೆಲೆ. ಅಲ್ಲಿನ ಶಾಲೆಗಳಲ್ಲಿ ಮಗುವಿನ ಕಷ್ಟವನ್ನು ಗುರುತಿಸುವುದು ಶಾಲೆಯದೇ ಹೊಣೆ, ಐಇಪಿ ಎಂಬ ಲಿಖಿತ ಯೋಜನೆಯನ್ನೂ ಶಾಲೆಯೇ ಮಾಡಿಕೊಡುತ್ತದೆ. ಹೈಸ್ಕೂಲು ಮುಗಿದ ದಿನ ಅದು ಮುಗಿಯಿತು. ಕಾಲೇಜಿನಲ್ಲಿ ಯಾರೂ ಹುಡುಕಿಕೊಂಡು ಬರುವುದಿಲ್ಲ. ಅಲ್ಲೇ ನೆಲೆಸಿರುವ ಕನ್ನಡ ಕುಟುಂಬಗಳೂ ಇದನ್ನು ಗಮನಿಸಬೇಕು, ಏಕೆಂದರೆ ಶಾಲೆಯ ಮೀಟಿಂಗುಗಳಲ್ಲಿ ಮಗುವಿನ ಪರವಾಗಿ ಅಪ್ಪ ಅಮ್ಮನೇ ಮಾತನಾಡಿ ಅಭ್ಯಾಸವಾಗಿರುತ್ತದೆ.

ಬರೆಯುವುದೇ ಕಷ್ಟವಾದವರು ಇದನ್ನು ಬರೆಯುವುದು ಹೇಗೆ? ಮೊದಲು ಮಾತನಾಡಲಿ. ಫೋನಿನಲ್ಲಿ ರೆಕಾರ್ಡ್ ಹಾಕಿಕೊಂಡು ಲ್ಯಾಬಿನ ಕಥೆಯನ್ನು ಗೆಳತಿಗೆ ಹೇಳಿದ ಹಾಗೆ, ಕನ್ನಡ ಇಂಗ್ಲಿಷ್ ಬೆರೆಸಿಯೇ ಹೇಳಲಿ. ಅದನ್ನು ಕೇಳಿಸಿಕೊಂಡು ವಾಕ್ಯ ಮಾಡಲಿ. ಕೊನೆಗೆ ಕಂಪ್ಯೂಟರಿನಿಂದ ಓದಿಸಿ ಕೇಳಿದರೆ ಕಣ್ಣಿಗೆ ಕಾಣದ ತಪ್ಪು ಕಿವಿಗೆ ಸಿಗುತ್ತದೆ. ಕಾಗುಣಿತ, ವ್ಯಾಕರಣವನ್ನು ಬೇರೆಯವರು ತಿದ್ದಲಿ, ತಪ್ಪಿಲ್ಲ. ಆದರೆ ಕನ್ಸಲ್ಟೆನ್ಸಿಯವರ ಕೈಗೆ ಕೊಟ್ಟು ಅಲಂಕಾರದ ಇಂಗ್ಲಿಷಿನಲ್ಲಿ ಬರೆಸಿಕೊಂಡರೆ, ಓದು ನಿಧಾನ ಎಂದ ಹುಡುಗಿಯ ಮಾತನ್ನೇ ಓದುವವರು ನಂಬಲಾರರು.

ಶಿಫಾರಸು ಪತ್ರ ಬರೆಯುವ ಪ್ರೊಫೆಸರರ ಜೊತೆಯೂ ಮುಂಚೆಯೇ ಮಾತನಾಡಬೇಕು. ಒಳ್ಳೆಯ ಮನಸ್ಸಿನಿಂದಲೇ ಅವರು 'ಡಿಸ್ಲೆಕ್ಸಿಯಾ ಇದ್ದರೂ ಜಾಣೆ' ಎಂದು ಬರೆದುಬಿಟ್ಟಾರು. 'ಸರ್, ಆ ವಿಷಯ ನಾನೇ ಬರೆಯುತ್ತಿದ್ದೇನೆ, ನೀವು ಲ್ಯಾಬಿನಲ್ಲಿ ನೋಡಿದ್ದನ್ನು ಬರೆದರೆ ಸಾಕು' ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ತನ್ನ ಬಗ್ಗೆ ಯಾರಿಗೆ ಎಷ್ಟು ಹೇಳಬೇಕೆಂದು ತೀರ್ಮಾನಿಸುವ ಹಕ್ಕು ಅವಳದು.

ಸೀಟು ಖಚಿತವಾದ ವಾರವೇ ಡಿಸೆಬಿಲಿಟಿ ಸರ್ವಿಸಸ್ ಕಚೇರಿಗೆ ಬರೆದು ಯಾವ ಕಾಗದ ಬೇಕೆಂದು ಕೇಳಿ. ಎಂಟನೇ ತರಗತಿಯ ಪ್ರಮಾಣಪತ್ರ ಅಲ್ಲಿ ಹಳೆಯದೆನಿಸಬಹುದು. ಎಷ್ಟೋ ಕಡೆ ದೊಡ್ಡವರಿಗೆಂದು ರೂಪಿಸಿದ ಪರೀಕ್ಷೆಗಳ ಇತ್ತೀಚಿನ ಇಂಗ್ಲಿಷ್ ವರದಿ ಕೇಳುತ್ತಾರೆ. ಹೊಸದಾಗಿ ಮಾಡಿಸಲು ಅಪಾಯಿಂಟ್‌ಮೆಂಟಿಗೇ ದಿನ ಹಿಡಿಯುತ್ತದೆ, ಹಾಗಾಗಿ ವಿಮಾನ ಹತ್ತುವ ಮುಂಚೆ ಇಲ್ಲಿಯೇ ಮುಗಿಸಿಕೊಳ್ಳಿ. ಸಾಮಾನ್ಯವಾಗಿ ಈ ನೆರವು ಮಂಜೂರಾದ ದಿನದಿಂದ ಮುಂದಕ್ಕೆ ಮಾತ್ರ ಅನ್ವಯಿಸುತ್ತದೆ, ಅದಕ್ಕೆ ಮೊದಲು ಬರೆದ ಪರೀಕ್ಷೆಯ ಅಂಕ ಬದಲಾಗುವುದಿಲ್ಲ.