ಮೂರು ವಾರದ ರಜೆ ಸಾಕೇ?

ದುಬೈನಲ್ಲಿ ದುಡಿಯುವ ಮಂಗಳೂರಿನ ದಂಪತಿ ಐವಿಎಫ್‌ಗೆ ಊರಿಗೆ ಬರಲು ಯೋಚಿಸುತ್ತಿದ್ದಾರೆ ಎಂದುಕೊಳ್ಳಿ. ಊರಲ್ಲಿ ಖರ್ಚು ಕಡಿಮೆ, ಅಮ್ಮನ ಆರೈಕೆಯೂ ಸಿಗುತ್ತದೆ. ಆದರೆ ಮೊದಲು ಲೆಕ್ಕ ಹಾಕಬೇಕಾದದ್ದು ರಜೆಯನ್ನು.

ಸಾಮಾನ್ಯವಾಗಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಇಂಜೆಕ್ಷನ್ ಶುರು. ಹತ್ತು ಹನ್ನೆರಡು ದಿನ ಚುಚ್ಚುಮದ್ದು, ನಡುನಡುವೆ ಸ್ಕ್ಯಾನ್. ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಐದು ದಿನಕ್ಕೆ ಭ್ರೂಣ ಸಿದ್ಧ. ಗಂಡನಿಗೆ ಅಷ್ಟು ರಜೆ ಸಿಗದಿದ್ದರೆ ಮೊದಲೇ ಬಂದು ವೀರ್ಯವನ್ನು ಶೈತ್ಯೀಕರಿಸಿಟ್ಟು ಹೋಗಬಹುದು.

ಎಲ್ಲವೂ ಸರಿಹೋದರೆ ಮೂರು ವಾರ ಸಾಕು. ಕೆಲವರಿಗೆ ಮಾತ್ರ ಅಂಡಾಶಯ ಅತಿಯಾಗಿ ಊದಿಕೊಳ್ಳುತ್ತದೆ. ಹೊಟ್ಟೆ ಉಬ್ಬರ, ದಿಢೀರ್ ತೂಕ ಏರಿಕೆ, ಉಸಿರಾಟಕ್ಕೆ ಕಷ್ಟ ಕಂಡರೆ ವಿಮಾನ ಹತ್ತದೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಆಗ ಭ್ರೂಣವನ್ನು ಶೈತ್ಯೀಕರಿಸಿಟ್ಟು, ಗರ್ಭಕ್ಕೆ ಸೇರಿಸುವುದನ್ನು ಮುಂದೂಡುತ್ತಾರೆ.

ಅಂದರೆ ಇನ್ನೊಂದು ಪ್ರಯಾಣ, ಇನ್ನೊಂದು ರಜೆ. ಭ್ರೂಣವನ್ನೇ ದುಬೈಗೆ ಒಯ್ಯೋಣವೆಂದರೆ 2021ರ ಕಾಯ್ದೆಯಂತೆ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಎರಡನೇ ರಜೆ ಸಿಗುವ ಖಾತ್ರಿಯಿಲ್ಲದಿದ್ದರೆ, ಹೆಚ್ಚು ಖರ್ಚಾದರೂ ಅಲ್ಲೇ ಚಿಕಿತ್ಸೆ ಪಡೆಯುವುದು ಮೇಲೆಂದು ನನಗನಿಸುತ್ತದೆ. ಊರಿಗೇ ಬರುವುದಾದರೆ ಎಎಂಎಚ್, ವೀರ್ಯ ಪರೀಕ್ಷೆಗಳನ್ನು ದುಬೈನಲ್ಲೇ ಮುಗಿಸಿ, ವರದಿಯನ್ನು ವೈದ್ಯರಿಗೆ ತೋರಿಸಿದ ಮೇಲೆ ಟಿಕೆಟ್ ಮಾಡಿಸಿ.